ಸೂರಿನ ಒಳಗೋ ಹೊರಗೋ: ಡೀಲ್ಸ್–ಆಲ್ಡರ್ ಕ್ರಿಯೆಯಲ್ಲಿ ಉಂಗುರ ಮೂಡುವ ಬಗೆ

(ಶಿವಮೊಗ್ಗದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಆಡಿದ ಮಾತಿನ ಬರಹ ರೂಪ. ಹಲಗೆಯ ಮೇಲೆ ಬರೆದ ಚಿತ್ರಗಳು ಇಲ್ಲಿ ಇಲ್ಲ, ಅವುಗಳ ಬದಲಿಗೆ ವಿವರಣೆಯನ್ನು ಸ್ವಲ್ಪ ಬೆಳೆಸಿದ್ದೇನೆ.)

ನಮಸ್ಕಾರ. ಇವತ್ತು ಒಂದೇ ಒಂದು ಪ್ರಯೋಗದ ಬಗ್ಗೆ ಮಾತಾಡೋಣ. ಅದನ್ನು ಪೂರ್ತಿ ಅರ್ಥ ಮಾಡಿಕೊಂಡರೆ ಡೀಲ್ಸ್–ಆಲ್ಡರ್ ಕ್ರಿಯೆಯ ಮುಖ್ಯವಾದ ಭಾಗವೆಲ್ಲ ಅದರಲ್ಲೇ ಬಂದುಬಿಡುತ್ತದೆ.

6 ಗ್ರಾಂ ಮೆಲೀಯಿಕ್ ಅನ್‌ಹೈಡ್ರೈಡ್ ತೆಗೆದುಕೊಳ್ಳಿ. 20 ಮಿಲಿ ಈಥೈಲ್ ಅಸಿಟೇಟ್ ಹಾಕಿ, ಬಿಸಿನೀರಿನ ಮೇಲಿಟ್ಟು ಕರಗಿಸಿ. ಅದಕ್ಕೆ 20 ಮಿಲಿ ಹೆಕ್ಸೇನ್ ಸೇರಿಸಿ, ಫ್ಲಾಸ್ಕನ್ನು ಐಸ್ ನೀರಿನಲ್ಲಿ ತಣ್ಣಗೆ ಮಾಡಿ. ಸ್ವಲ್ಪ ಅನ್‌ಹೈಡ್ರೈಡ್ ತಳದಲ್ಲಿ ಕೂತರೂ ಚಿಂತೆಯಿಲ್ಲ. ಈಗ 6 ಮಿಲಿ ಸೈಕ್ಲೋಪೆಂಟಾಡೈಯೀನ್ ಸುರಿದು, ಫ್ಲಾಸ್ಕನ್ನು ಐಸಿನಲ್ಲೇ ಮೆಲ್ಲಗೆ ಅಲ್ಲಾಡಿಸಿ. ಆಮ್ಲ ಬೇಡ, ವೇಗವರ್ಧಕ ಬೇಡ, ಬೆಂಕಿಯಂತೂ ಹತ್ತಿರಕ್ಕೂ ಬೇಡ. ಫ್ಲಾಸ್ಕ್ ತಾನಾಗಿ ಬಿಸಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಬಿಳಿ ಹರಳುಗಳು ಬೀಳಲು ಶುರುವಾಗುತ್ತವೆ. ಲೆಕ್ಕದ ಪ್ರಕಾರ ಗರಿಷ್ಠ 10 ಗ್ರಾಂ ಬರಬೇಕು. 8 ಗ್ರಾಂ ಕೈಗೆ ಬಂದರೆ ಕೆಲಸ ಚೆನ್ನಾಗಿ ಆಗಿದೆ ಎಂದೇ ಅರ್ಥ.

ಆ ಹರಳಿನ ಒಳಗೆ ಏನಿದೆ ನೋಡಿ. ಸೈಕ್ಲೋಪೆಂಟಾಡೈಯೀನ್‌ನಲ್ಲಿ ಒಂದರ ಪಕ್ಕ ಒಂದು ಕೂತ ಎರಡು ದ್ವಿಬಂಧಗಳಿದ್ದವು. ಅಂದರೆ ಸಾಲಾಗಿ ನಾಲ್ಕು ಕಾರ್ಬನ್, ಅವುಗಳ ಮೇಲೆ ನಾಲ್ಕು ಪೈ ಎಲೆಕ್ಟ್ರಾನ್. ಇಂಥದ್ದಕ್ಕೆ ಸಂಯುಗ್ಮಿತ ಡೈಯೀನ್ ಎನ್ನುತ್ತೇವೆ. ಮೆಲೀಯಿಕ್ ಅನ್‌ಹೈಡ್ರೈಡ್‌ನಲ್ಲಿ ನಮಗೆ ಬೇಕಾದದ್ದು ಒಂದು ದ್ವಿಬಂಧ, ಎರಡು ಕಾರ್ಬನ್, ಎರಡು ಪೈ ಎಲೆಕ್ಟ್ರಾನ್. ಇದು ಡೈಯೀನೋಫೈಲ್. ನಾಲ್ಕರ ಎರಡು ತುದಿಗಳು ಎರಡರ ಎರಡು ತುದಿಗಳಿಗೆ ಅಂಟಿಕೊಂಡವು, ಆರು ಕಾರ್ಬನ್‌ಗಳ ಉಂಗುರ ಮುಚ್ಚಿತು. ಮೂರು ಪೈ ಬಂಧ ಹೋಗಿ, ಎರಡು ಹೊಸ ಸಿಗ್ಮಾ ಬಂಧ ಬಂದವು. ಒಂದು ಪೈ ಬಂಧ ಡೈಯೀನ್‌ನ ನಡುವಿನ ಎರಡು ಕಾರ್ಬನ್‌ಗಳ ಮಧ್ಯೆ ಹೊಸದಾಗಿ ಹುಟ್ಟಿತು. ಪೈ ಬಂಧಕ್ಕಿಂತ ಸಿಗ್ಮಾ ಬಂಧ ಗಟ್ಟಿ. ಆ ವ್ಯತ್ಯಾಸವೇ ಫ್ಲಾಸ್ಕಿನ ಬಿಸಿಯಾಗಿ ನಿಮ್ಮ ಕೈಗೆ ತಾಗಿದ್ದು.

ಜರ್ಮನಿಯ ಕೀಲ್ ವಿಶ್ವವಿದ್ಯಾಲಯದಲ್ಲಿ ಆಟೋ ಡೀಲ್ಸ್ ಮತ್ತು ಅವರ ಶಿಷ್ಯ ಕುರ್ಟ್ ಆಲ್ಡರ್ 1928ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು. 1950ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಸೈಕ್ಲೋಪೆಂಟಾಡೈಯೀನ್ ಕ್ವಿನೋನ್ ಜೊತೆ ಕೂಡುತ್ತದೆ ಎಂದು 1906ರಲ್ಲೇ ಅಲ್ಬ್ರೆಕ್ಟ್ ಎಂಬುವರು ಬರೆದಿದ್ದರು. ಆದರೆ ಅವರು ಕೊಟ್ಟ ರಚನೆ ತಪ್ಪಾಗಿತ್ತು. ವಸ್ತು ಕಣ್ಣೆದುರಿಗೇ ಇತ್ತು, ಅದರ ಆಕಾರ ಮಾತ್ರ ಸಿಕ್ಕಿರಲಿಲ್ಲ. ನನಗೆ ಈ ಕ್ರಿಯೆಯಲ್ಲಿ ಜಾಸ್ತಿ ಇಷ್ಟವಾಗುವುದು ಆಕಾರದ ಈ ಕಥೆಯೇ. ಎರಡು ಅಣುಗಳು ಕೂಡಿದ ಕ್ಷಣವನ್ನು ಯಾರೂ ಕಣ್ಣಲ್ಲಿ ನೋಡಲಾರರು. ಆದರೆ ಹುಟ್ಟಿದ ಹರಳಿನ ಆಕಾರ ನೋಡಿ ಆ ಕ್ಷಣದಲ್ಲಿ ಯಾವುದು ಎಲ್ಲಿತ್ತು ಎಂದು ಹೇಳಬಹುದು.

ಮೊದಲು ಡೈಯೀನ್ ಹೇಗೆ ನಿಂತಿರಬೇಕು ಎಂಬ ಪ್ರಶ್ನೆ. ತೆರೆದ ಸರಪಳಿಯ ಬ್ಯೂಟಾಡೈಯೀನ್ ತೆಗೆದುಕೊಳ್ಳಿ. ಅದರ ನಡುವಿನ ಏಕಬಂಧ ತಿರುಗಬಲ್ಲದು. ಎರಡು ದ್ವಿಬಂಧಗಳು ಒಂದೇ ಕಡೆ ಮುಖ ಮಾಡಿದ್ದರೆ ಎಸ್-ಸಿಸ್, ವಿರುದ್ಧ ಕಡೆಗೆ ಚಾಚಿದ್ದರೆ ಎಸ್-ಟ್ರಾನ್ಸ್. ಅಣುವಿಗೆ ಹಿತವಾಗಿರುವುದು ಎಸ್-ಟ್ರಾನ್ಸ್. ಕೋಣೆಯ ಉಷ್ಣತೆಯಲ್ಲಿ ನೂರು ಅಣುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಎಸ್-ಸಿಸ್ ಥರದ ಭಂಗಿಯಲ್ಲಿರುತ್ತವೆ. ಆದರೆ ಉಂಗುರ ಮುಚ್ಚಬೇಕಾದರೆ ಎಸ್-ಸಿಸ್ಸೇ ಬೇಕು. ಎಸ್-ಟ್ರಾನ್ಸ್‌ನಲ್ಲಿ ಎರಡು ತುದಿಗಳೂ ದೂರ ದೂರ. ಎಳೆದು ಮುಚ್ಚಿದರೂ ಆರರ ಉಂಗುರದೊಳಗೆ ಟ್ರಾನ್ಸ್ ದ್ವಿಬಂಧ ಬರಬೇಕಾಗುತ್ತದೆ, ಅಷ್ಟು ಬಿಗಿ ಆ ಪುಟ್ಟ ಉಂಗುರಕ್ಕೆ ತಡೆಯುವುದಿಲ್ಲ.

ಸೈಕ್ಲೋಪೆಂಟಾಡೈಯೀನ್‌ಗೆ ಈ ತೊಂದರೆಯೇ ಇಲ್ಲ. ಐದನೇ ಕಾರ್ಬನ್ ಎರಡೂ ತುದಿಗಳನ್ನು ಹಿಡಿದು ಎಸ್-ಸಿಸ್‌ನಲ್ಲೇ ಕಟ್ಟಿಹಾಕಿದೆ. ಹಾಗಾಗಿ ಅದು ಎಷ್ಟು ಚುರುಕು ಅಂದರೆ ಬೇರೆ ಯಾರೂ ಸಿಗದಿದ್ದರೆ ತನ್ನ ಜೊತೆಗೇ ಡೀಲ್ಸ್–ಆಲ್ಡರ್ ಮಾಡಿಕೊಳ್ಳುತ್ತದೆ. ಒಂದು ಅಣು ಡೈಯೀನ್, ಇನ್ನೊಂದು ಡೈಯೀನೋಫೈಲ್. ಅದಕ್ಕೇ ಅಂಗಡಿಯಲ್ಲಿ ಸಿಗುವುದು ಜೋಡಿಯಾದ ಡೈಸೈಕ್ಲೋಪೆಂಟಾಡೈಯೀನ್. ಅದನ್ನು 170–180 ಡಿಗ್ರಿಗೆ ಕಾಯಿಸಿದರೆ ಜೋಡಿ ಬಿಡುತ್ತದೆ. 41–42 ಡಿಗ್ರಿಯಲ್ಲಿ ಕುದಿಯುವ ಒಂಟಿ ಅಣು ಫ್ರಾಕ್ಷನೇಟಿಂಗ್ ಕಾಲಮ್ ದಾಟಿ ಬರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೂ ಆ ಕುದಿಬಿಂದುವಿಗೂ ಹೆಚ್ಚು ಅಂತರವಿಲ್ಲ ಅಲ್ವಾ? ಆದ್ದರಿಂದ ಹಿಡಿಯುವ ಫ್ಲಾಸ್ಕ್ ಐಸಿನಲ್ಲೇ ಇರಬೇಕು, ಕೆಲಸವೆಲ್ಲ ಫ್ಯೂಮ್ ಹುಡ್ ಒಳಗೇ ಆಗಬೇಕು, ಹಿಡಿದದ್ದನ್ನು ಅವತ್ತೇ ಬಳಸಬೇಕು. ನಾಳೆಗೆ ಇಟ್ಟರೆ ಒಂದಷ್ಟು ಪಾಲು ಮತ್ತೆ ಜೋಡಿಯಾಗಿರುತ್ತದೆ.

ಈಗ ಆರ್ಬಿಟಲ್‌ಗಳ ವಿಷಯ. ಸ್ವಲ್ಪ ನಿಧಾನವಾಗಿ ಹೋಗೋಣ.

ಡೈಯೀನ್ ಒಂದು ಚಪ್ಪಟೆ ಅಣು. ಅದರ ನಾಲ್ಕು ಕಾರ್ಬನ್‌ಗಳ ಮೇಲೂ ಕೆಳಗೂ ಪಿ ಆರ್ಬಿಟಲ್‌ನ ಹಾಲೆಗಳಿವೆ. ಒಂದು ಹಾಲೆಗೆ ಪ್ಲಸ್, ಅದರ ಎದುರಿನದಕ್ಕೆ ಮೈನಸ್ ಎಂದು ಗುರುತು ಹಾಕುತ್ತೇವೆ. ಇದು ವಿದ್ಯುದಂಶವಲ್ಲ, ಅಲೆಯ ಏರಿಳಿತದ ಗುರುತು. ಒಂದೇ ಗುರುತಿನ ಹಾಲೆಗಳು ಎದುರಾದರೆ ಬೆರೆತು ಬಂಧವಾಗುತ್ತವೆ. ಬೇರೆ ಬೇರೆ ಗುರುತಿನವು ಎದುರಾದರೆ ಒಂದನ್ನೊಂದು ಅಳಿಸಿ ದೂರ ತಳ್ಳುತ್ತವೆ.

ನಾಲ್ಕು ಪಿ ಆರ್ಬಿಟಲ್‌ಗಳು ಸೇರಿ ನಾಲ್ಕು ಅಣು ಆರ್ಬಿಟಲ್‌ಗಳಾಗುತ್ತವೆ. ನಾಲ್ಕು ಎಲೆಕ್ಟ್ರಾನ್‌ಗಳು ಕೆಳಗಿನ ಎರಡನ್ನು ತುಂಬುತ್ತವೆ. ತುಂಬಿದವುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಹೋಮೋ. ಖಾಲಿ ಇರುವವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಲೂಮೋ. ಕೂಡುವ ಹೊತ್ತಿಗೆ ಒಂದು ಅಣುವಿನ ಹೋಮೋ ಇನ್ನೊಂದರ ಲೂಮೋಗೆ ಎಲೆಕ್ಟ್ರಾನ್ ಕೊಡುತ್ತದೆ, ಉಳಿದವುಗಳ ಪಾತ್ರ ಕಡಿಮೆ.

ಡೈಯೀನ್‌ನ ಹೋಮೋವನ್ನು ಕೆಳಗಿನಿಂದ ನೋಡಿದರೆ ನಾಲ್ಕು ಹಾಲೆಗಳ ಗುರುತು ಹೀಗಿರುತ್ತದೆ: ಪ್ಲಸ್, ಪ್ಲಸ್, ಮೈನಸ್, ಮೈನಸ್. ಎರಡು ತುದಿಗಳನ್ನು ಮಾತ್ರ ನೋಡಿ. ಒಂದು ಪ್ಲಸ್, ಒಂದು ಮೈನಸ್. ಈಗ ಆಲ್ಕೀನ್‌ನ ಲೂಮೋವನ್ನು ಮೇಲಿನಿಂದ ನೋಡಿ. ಅದೂ ಒಂದು ಪ್ಲಸ್, ಒಂದು ಮೈನಸ್. ಆಲ್ಕೀನ್ ಬಂದು ಡೈಯೀನ್‌ನ ಕೆಳಗೆ ಸಮಾಂತರವಾಗಿ ಮಲಗಿತು ಅಂದುಕೊಳ್ಳಿ. ಪ್ಲಸ್ ಎದುರು ಪ್ಲಸ್, ಮೈನಸ್ ಎದುರು ಮೈನಸ್. ಎರಡು ಕಡೆಯೂ ಒಟ್ಟಿಗೆ ಹೊಂದಿಕೆಯಾಯಿತು. ಹಾಲೆಯ ತುದಿಗೆ ಹಾಲೆಯ ತುದಿ ತಾಗಿ ಸಿಗ್ಮಾ ಬಂಧ ಹುಟ್ಟುತ್ತದೆ. ಬಂಧ ಅರ್ಧ ಹುಟ್ಟಿದ ಆ ಘಟ್ಟದಲ್ಲಿ ಎರಡು ಕಾರ್ಬನ್‌ಗಳ ಅಂತರ ಸುಮಾರು 2.2 ಆಂಗ್‌ಸ್ಟ್ರಾಮ್. ಪೂರ್ತಿಯಾದಾಗ 1.55ರ ಆಸುಪಾಸಿಗೆ ಇಳಿಯುತ್ತದೆ.

ಎರಡು ಎಥಿಲೀನ್‌ಗಳನ್ನು ಹೀಗೇ ಎದುರುಬದುರು ಇಟ್ಟು ನೋಡಿ. ಒಂದರ ಹೋಮೋ ಪ್ಲಸ್, ಪ್ಲಸ್. ಇನ್ನೊಂದರ ಲೂಮೋ ಪ್ಲಸ್, ಮೈನಸ್. ಒಂದು ಕಡೆ ಹೊಂದಿತು, ಇನ್ನೊಂದು ಕಡೆ ತಳ್ಳಿತು. ಹಾಗಾಗಿ ಸುಮ್ನೆ ಕಾಯಿಸಿದರೆ ಎರಡು ಎಥಿಲೀನ್ ಈ ದಾರಿಯಲ್ಲಿ ನಾಲ್ಕರ ಉಂಗುರ ಕೊಡುವುದಿಲ್ಲ. ನಾಲ್ಕು ಮತ್ತು ಎರಡು ಕೂಡುತ್ತವೆ, ಎರಡು ಮತ್ತು ಎರಡು ಕೂಡುವುದಿಲ್ಲ. ಇದನ್ನು ನಿಯಮವಾಗಿ 1965ರಲ್ಲಿ ಮುಂದಿಟ್ಟವರು ವುಡ್‌ವರ್ಡ್ ಮತ್ತು ಹಾಫ್‌ಮನ್. ಹೋಮೋ–ಲೂಮೋ ಎಂಬ ಈ ನೋಟ ಜಪಾನಿನ ಫುಕುಯಿ ಅವರದು. 1981ರಲ್ಲಿ ಫುಕುಯಿ ಮತ್ತು ಹಾಫ್‌ಮನ್ ನೊಬೆಲ್ ಹಂಚಿಕೊಂಡರು. ವುಡ್‌ವರ್ಡ್ 1979ರಲ್ಲೇ ತೀರಿಕೊಂಡಿದ್ದರು.

ಹೊಂದಿಕೆ ಸರಿಯಿದ್ದ ಮಾತ್ರಕ್ಕೆ ವೇಗ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ಯೂಟಾಡೈಯೀನ್ ಮತ್ತು ಎಥಿಲೀನ್ ಪುಸ್ತಕದಲ್ಲಿ ಮೊದಲು ಬರುವ ಉದಾಹರಣೆ. ನಿಜದಲ್ಲಿ ಅದು ಬಹಳ ಮೊಂಡು ಜೋಡಿ, ಜಾಸ್ತಿ ಒತ್ತಡ ಮತ್ತು 165–200 ಡಿಗ್ರಿ ಬಿಸಿ ಬೇಡುತ್ತದೆ. ಹೋಮೋಗೂ ಲೂಮೋಗೂ ನಡುವಿನ ಅಂತರ ಅಲ್ಲಿ ದೊಡ್ಡದು. ಮೆಲೀಯಿಕ್ ಅನ್‌ಹೈಡ್ರೈಡ್‌ನಲ್ಲಿ ದ್ವಿಬಂಧದ ಎರಡೂ ಪಕ್ಕದಲ್ಲಿ ಕಾರ್ಬನೈಲ್ ಗುಂಪುಗಳಿವೆ. ಅವು ಎಲೆಕ್ಟ್ರಾನ್ ಎಳೆಯುತ್ತವೆ, ಲೂಮೋ ಕೆಳಗಿಳಿಯುತ್ತದೆ, ಅಂತರ ಕಿರಿದಾಗುತ್ತದೆ. ಅದಕ್ಕೇ ನಮ್ಮ ಫ್ಲಾಸ್ಕಿಗೆ ಬಿಸಿಯ ಬದಲು ಐಸ್ ಬೇಕಾದದ್ದು.

ಎರಡು ಬಂಧಗಳೂ ಒಂದೇ ಹೆಜ್ಜೆಯಲ್ಲಿ, ಡೈಯೀನೋಫೈಲ್‌ನ ಒಂದೇ ಮುಖದಿಂದ ಹುಟ್ಟುತ್ತವೆ ಎಂದೆ. ಇದಕ್ಕೆ ಸಾಕ್ಷಿ ಏನು? ಮೊದಲು ಒಂದು ಬಂಧ ಹುಟ್ಟಿ, ಸ್ವಲ್ಪ ತಡೆದು ಇನ್ನೊಂದು ಹುಟ್ಟುವುದಾದರೆ, ಆ ನಡುವಿನ ಹೊತ್ತಿನಲ್ಲಿ ಹಳೆಯ ದ್ವಿಬಂಧ ಏಕಬಂಧವಾಗಿ ತಿರುಗಿಬಿಡಬಹುದಿತ್ತು. ಆಗ ಸಿಸ್ ಆಗಿದ್ದ ಗುಂಪುಗಳಲ್ಲಿ ಕೆಲವಾದರೂ ಟ್ರಾನ್ಸ್ ಆಗಬೇಕಿತ್ತು. ಹಾಗಾಗುವುದಿಲ್ಲ. ಡೈಮೀಥೈಲ್ ಮೆಲಿಯೇಟ್‌ನಲ್ಲಿ ಎರಡು ಎಸ್ಟರ್ ಗುಂಪುಗಳು ಒಂದೇ ಕಡೆ ಇವೆ, ಉಂಗುರದಲ್ಲೂ ಒಂದೇ ಕಡೆ ಉಳಿಯುತ್ತವೆ. ಡೈಮೀಥೈಲ್ ಫ್ಯೂಮರೇಟ್‌ನಲ್ಲಿ ಅವು ವಿರುದ್ಧ ಕಡೆ ಇವೆ, ಉಂಗುರದಲ್ಲೂ ವಿರುದ್ಧ ಕಡೆಯೇ. ಡೈಯೀನೋಫೈಲ್ ಹೇಗೆ ಬಂತೋ ಹಾಗೇ ಉಂಗುರದಲ್ಲಿ ಕೂತಿತು.

ಇಲ್ಲಿಯವರೆಗೆ ಒಂದು ಪ್ರಶ್ನೆ ಇತ್ಯರ್ಥವಾಯಿತು. ಮೆಲೀಯಿಕ್ ಅನ್‌ಹೈಡ್ರೈಡ್‌ನ ಎರಡು ಕಾರ್ಬನೈಲ್‌ಗಳು ಪರಸ್ಪರ ಸಿಸ್. ಆದರೆ ಅವೆರಡೂ ಒಟ್ಟಿಗೆ ಯಾವ ಕಡೆ ಮುಖ ಮಾಡಿರುತ್ತವೆ? ಇದಕ್ಕೆ ಹುಟ್ಟಿದ ಅಣುವಿನ ಆಕಾರ ಕಣ್ಣಮುಂದೆ ಬರಬೇಕು. ನಮ್ಮ ಮಲೆನಾಡಿನ ಹೆಂಚಿನ ಮನೆಯ ಮಾಡನ್ನು ನೆನಪಿಸಿಕೊಳ್ಳಿ. ಎರಡು ಇಳಿಜಾರು, ನಡುವೆ ನೆತ್ತಿ. ಆರರ ಉಂಗುರ ಹಾಗೇ ಮಡಚಿ ಕೂತಿದೆ. ಡೈಯೀನ್‌ನ ಎರಡು ತುದಿ ಕಾರ್ಬನ್‌ಗಳು ನೆತ್ತಿಯ ಎರಡು ಕೊನೆಗಳಲ್ಲಿವೆ. ಐದನೇ ಕಾರ್ಬನ್ ನೆತ್ತಿಯ ಮೇಲೆ, ಆ ಕೊನೆಯಿಂದ ಈ ಕೊನೆಗೆ ಸೇತುವೆಯಾಗಿದೆ. ಎಡಗಡೆ ಸೂರಿನಲ್ಲಿ ಹೊಸದಾಗಿ ಹುಟ್ಟಿದ ದ್ವಿಬಂಧ. ಬಲಗಡೆ ಸೂರಿನಲ್ಲಿ ಡೈಯೀನೋಫೈಲ್‌ನಿಂದ ಬಂದ ಎರಡು ಕಾರ್ಬನ್‌ಗಳು. ಅನ್‌ಹೈಡ್ರೈಡ್‌ನ ಉಂಗುರ ಅಲ್ಲಿಂದ ಮನೆಯ ಒಳಕ್ಕೆ, ಮಾಡಿನ ಅಡಿಗೆ ಚಾಚಿದ್ದರೆ ಅದು ಎಂಡೋ. ಸೂರಿನಿಂದ ಹೊರಕ್ಕೆ, ಅಂಗಳದ ಕಡೆ ಚಾಚಿದ್ದರೆ ಎಕ್ಸೋ.

ಯಾರನ್ನೇ ಕೇಳಿ, ಹೊರಗಡೆ ಜಾಗ ಜಾಸ್ತಿ, ಎಕ್ಸೋ ಬರಬೇಕು ಎಂದೇ ಊಹಿಸುತ್ತಾರೆ. ಬರುವುದು ಎಂಡೋ. ನಮ್ಮ ಫ್ಲಾಸ್ಕಿನ ಹರಳು ಹೆಚ್ಚುಕಡಿಮೆ ಪೂರ್ತಿ ಎಂಡೋ. 1937ರಲ್ಲಿ ಆಲ್ಡರ್ ಮತ್ತು ಸ್ಟೈನ್ ಇದನ್ನು ನಿಯಮದ ರೂಪಕ್ಕೆ ತಂದರು.

ಯಾಕೆ ಹೀಗೆ? ವುಡ್‌ವರ್ಡ್ ಮತ್ತು ಹಾಫ್‌ಮನ್ ಕೊಟ್ಟ ಉತ್ತರ ಇದು. ಎಂಡೋ ದಾರಿಯಲ್ಲಿ ಬರುವಾಗ ಕಾರ್ಬನೈಲ್‌ಗಳು ಡೈಯೀನ್‌ನ ನಡುವಿನ ಎರಡು ಕಾರ್ಬನ್‌ಗಳ ನೇರ ಕೆಳಗೆ ಬರುತ್ತವೆ. ಡೈಯೀನೋಫೈಲ್‌ನ ಲೂಮೋ ಕಾರ್ಬನೈಲ್‌ಗಳ ಮೇಲೂ ಹರಡಿದೆ. ಅಲ್ಲಿನ ಹಾಲೆಯ ಗುರುತಿಗೂ ಡೈಯೀನ್‌ನ ನಡುವಿನ ಕಾರ್ಬನ್‌ಗಳ ಗುರುತಿಗೂ ಹೊಂದಿಕೆಯಿದೆ. ಅಲ್ಲಿ ಬಂಧವೇನೂ ಹುಟ್ಟುವುದಿಲ್ಲ. ಆದರೆ ದಾಟಬೇಕಾದ ದಿಣ್ಣೆ ಒಂದಿಷ್ಟು ತಗ್ಗುತ್ತದೆ. ಎಕ್ಸೋ ದಾರಿಯಲ್ಲಿ ಕಾರ್ಬನೈಲ್‌ಗಳು ಹೊರಗೆ ಚಾಚಿರುವುದರಿಂದ ಈ ಒತ್ತಾಸೆ ಸಿಗುವುದಿಲ್ಲ. ಇದಕ್ಕೆ ಎರಡನೇ ದರ್ಜೆಯ ಆರ್ಬಿಟಲ್ ಬೆಸುಗೆ ಎನ್ನಬಹುದು.

ಇದೊಂದೇ ಕಾರಣ ಎಂದು ನಾನು ತರಗತಿಯಲ್ಲಿ ಹೇಳುವುದಿಲ್ಲ, ನೀವೂ ಹೇಳಬೇಡಿ. ಎಕ್ಸೋ ದಾರಿಯಲ್ಲಿ ಅನ್‌ಹೈಡ್ರೈಡ್ ಸೇತುವೆಯ ಹೈಡ್ರೋಜನ್‌ಗೆ ಒತ್ತುತ್ತದೆ, ಅದೇ ಸಾಕು ಎನ್ನುವವರಿದ್ದಾರೆ. ವಿದ್ಯುದಂಶಗಳ ಸೆಳೆತ, ದ್ರಾವಕದ ಪ್ರಭಾವ ಎನ್ನುವವರೂ ಇದ್ದಾರೆ. ಎಂಡೋ ಜಾಸ್ತಿ ಬರುತ್ತದೆ ಎಂಬುದು ಪ್ರಯೋಗದಿಂದ ಖಚಿತ. ಅದರ ಶ್ರೇಯಸ್ಸನ್ನು ಯಾವ ಕಾರಣಕ್ಕೆ ಎಷ್ಟು ಕೊಡಬೇಕು ಎಂಬುದರಲ್ಲಿ ಚರ್ಚೆ ಮುಗಿದಿಲ್ಲ.

ಹಾಗಾದರೆ ಹರಳು ಎಂಡೋ ಎಂದು ಗೊತ್ತಾಗುವುದು ಹೇಗೆ? ಸುಲಭದ ದಾರಿ ಕರಗುವ ಬಿಂದು. ಎಂಡೋ 164–165 ಡಿಗ್ರಿಗೆ ಕರಗುತ್ತದೆ, ಎಕ್ಸೋ 142–143ಕ್ಕೆ. ಎನ್‌ಎಂಆರ್ ಇದ್ದರೆ ಸೂರಿನ ಹೈಡ್ರೋಜನ್‌ಗೂ ನೆತ್ತಿಯ ಕೊನೆಯ ಹೈಡ್ರೋಜನ್‌ಗೂ ನಡುವಿನ ಕಪ್ಲಿಂಗ್ ನೋಡಿ. ಅನ್‌ಹೈಡ್ರೈಡ್ ಒಳಗಿದ್ದರೆ ಸೂರಿನ ಹೈಡ್ರೋಜನ್ ಹೊರಗಿರುತ್ತದೆ, ಆಗ ಕಪ್ಲಿಂಗ್ 3–4 ಹರ್ಟ್ಸ್‌ನಷ್ಟು ಕಾಣುತ್ತದೆ. ಅನ್‌ಹೈಡ್ರೈಡ್ ಹೊರಗಿದ್ದರೆ ಆ ಎರಡು ಹೈಡ್ರೋಜನ್‌ಗಳ ನಡುವಿನ ಕೋನ 90 ಡಿಗ್ರಿಯ ಹತ್ತಿರ ಬರುತ್ತದೆ, ಕಪ್ಲಿಂಗ್ ಸೊನ್ನೆಗೆ ಸಮೀಪ.

ಆದರೆ ನನಗೆ ಹಳೆಯ ಕಾಲದ ರಾಸಾಯನಿಕ ಸಾಕ್ಷಿಯೇ ಚೆಂದ. ಅನ್‌ಹೈಡ್ರೈಡನ್ನು ನೀರಿನಲ್ಲಿ ಕಾಯಿಸಿ ಡೈಆಸಿಡ್ ಮಾಡಿಕೊಳ್ಳಿ. ಅದನ್ನು ಬೈಕಾರ್ಬನೇಟ್‌ನಲ್ಲಿ ಕರಗಿಸಿ ಅಯೋಡಿನ್ ಹಾಕಿ. ಅಯೋಡಿನ್ ಎಡಸೂರಿನ ದ್ವಿಬಂಧವನ್ನು ಹೊರಗಡೆಯಿಂದ ಹಿಡಿಯುತ್ತದೆ. ಎಂಡೋ ಆಗಿದ್ದರೆ ಬಲಸೂರಿನ ಕಾರ್ಬಾಕ್ಸಿಲ್ ಗುಂಪು ಮಾಡಿನ ಅಡಿಯಲ್ಲೇ ಇದೆ, ಒಳಗಡೆಯಿಂದಲೇ ಆ ದ್ವಿಬಂಧದ ಒಂದು ಕಾರ್ಬನ್‌ಗೆ ಚಾಚಿ ಬಂಧ ಕಟ್ಟುತ್ತದೆ, ಅಯೋಡಿನ್ ಪಕ್ಕದ ಕಾರ್ಬನ್ ಮೇಲೆ ಉಳಿಯುತ್ತದೆ. ಅಯೋಡೋಲ್ಯಾಕ್ಟೋನ್ ಎಂಬ ಹೊಸ ಉಂಗುರ ಮುಚ್ಚುತ್ತದೆ. ಎಕ್ಸೋ ಆಗಿದ್ದರೆ ಕಾರ್ಬಾಕ್ಸಿಲ್ ಅಂಗಳದಲ್ಲಿದೆ, ಎಡಸೂರು ಅದಕ್ಕೆ ಎಟುಕುವುದೇ ಇಲ್ಲ, ಲ್ಯಾಕ್ಟೋನ್ ಆಗುವುದಿಲ್ಲ. ಯಾವ ಯಂತ್ರವೂ ಇಲ್ಲದೆ ಅಣುವಿನ ಒಳಹೊರಗು ಗೊತ್ತಾಯಿತು.

ಎಂಡೋ ಗೆದ್ದದ್ದು ವೇಗದಲ್ಲಿ ಮಾತ್ರ ಎಂಬುದು ನೆನಪಿರಲಿ. ನೆಮ್ಮದಿಯಾಗಿ ಇರಬಲ್ಲದ್ದು ಎಕ್ಸೋ. ಶುದ್ಧ ಎಂಡೋ ಹರಳನ್ನು 190 ಡಿಗ್ರಿಗೆ ಕಾಯಿಸಿ ಇಟ್ಟರೆ ಬಂಧ ಬಿಡುತ್ತದೆ, ಕೂಡುತ್ತದೆ, ಮತ್ತೆ ಬಿಡುತ್ತದೆ. ಎಷ್ಟು ಬಾರಿ ಕೂಡಿದರೂ ಎಂಡೋ ಬೇಗ ಹುಟ್ಟುತ್ತದೆ, ಆದರೆ ಬಿಡುವುದೂ ಬೇಗ. ಎಕ್ಸೋ ಒಮ್ಮೆ ಹುಟ್ಟಿದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೊನೆಗೆ ಎರಡರ ಮಿಶ್ರಣ ಸಿಗುತ್ತದೆ, ಅದನ್ನು ಮತ್ತೆ ಮತ್ತೆ ಹರಳುಗಟ್ಟಿಸಿ ಎಕ್ಸೋ ಬೇರೆ ಮಾಡುತ್ತಾರೆ. ಫ್ಯೂರಾನ್ ಜೊತೆ ಮೆಲೀಯಿಕ್ ಅನ್‌ಹೈಡ್ರೈಡ್ ಕೂಡಿಸಿದರೆ ಈ ಹಿಂದೆಮುಂದೆ ಕೋಣೆಯ ಉಷ್ಣತೆಯಲ್ಲೇ ನಡೆಯುತ್ತದೆ. ಹಾಗಾಗಿ ಅಲ್ಲಿ ಕೈಗೆ ಸಿಗುವುದು ಎಕ್ಸೋ. ಎಂಡೋ ನಿಯಮ ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಎಡವುವುದು ಇಲ್ಲೇ. ಕ್ರಿಯೆ ಹಿಂದಕ್ಕೆ ಹೋಗಬಲ್ಲದೇ ಎಂದು ಮೊದಲು ಕೇಳಿಕೊಳ್ಳಬೇಕು.

ಪ್ರಯೋಗ ಮಾಡುವವರಿಗೆ ನಮ್ಮ ಕಡೆಯ ಮಳೆಯ ಬಗ್ಗೆ ಒಂದು ಮಾತು. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಉಪ್ಪಿನ ಡಬ್ಬಿಯೇ ನೀರಾಡುತ್ತದೆ. ಮೆಲೀಯಿಕ್ ಅನ್‌ಹೈಡ್ರೈಡ್ ಬಾಟಲಿಯ ಮುಚ್ಚಳ ಸರಿಯಿಲ್ಲದಿದ್ದರೆ ಅದು ಗಾಳಿಯ ನೀರು ಹೀರಿ ಮೆಲೀಯಿಕ್ ಆಮ್ಲವಾಗುತ್ತಾ ಹೋಗುತ್ತದೆ. ನೋಡಲು ಎರಡೂ ಬಿಳಿಯೇ. ಪತ್ತೆ ಹಚ್ಚುವುದು ಸುಲಭ: ಅನ್‌ಹೈಡ್ರೈಡ್ 52–53 ಡಿಗ್ರಿಗೆ ಕರಗಬೇಕು, ಅಲ್ಲಿ ಕರಗದೆ ಗಟ್ಟಿಯಾಗಿ ಉಳಿದ ಪುಡಿ ಆಮ್ಲ. ಹಾಗೆಯೇ ಹಿಡಿದ ಸೈಕ್ಲೋಪೆಂಟಾಡೈಯೀನ್ ಮಸುಕಾಗಿದ್ದರೆ ಅದರಲ್ಲಿ ನೀರಿದೆ, ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಒಣಗಿಸಿ. ಬಂದ ಹರಳು 164ರಲ್ಲಿ ಚುರುಕಾಗಿ ಕರಗದೆ ಕೆಳಗಿನಿಂದಲೇ ಎಳೆಎಳೆದು ಕರಗಿದರೆ, ಎಕ್ಸೋ ಬಂತು ಎಂದು ತೀರ್ಮಾನಿಸುವ ಮೊದಲು ತೇವವನ್ನು ಅನುಮಾನಿಸಿ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಬಹಳ ಚೆನ್ನಾಗಿತ್ತು. "ಸರ್, ಕಾಳುಮೆಣಸಿನ ಎಣ್ಣೆಯಲ್ಲಿ ಲಿಮೊನೀನ್ ಇರುತ್ತಲ್ಲ. ಅದೂ ಆರರ ಉಂಗುರ, ಒಳಗೊಂದು ದ್ವಿಬಂಧ. ಬಳ್ಳಿಯೂ ಡೀಲ್ಸ್–ಆಲ್ಡರ್ ಮಾಡುತ್ತಾ?"

ರಚನೆ ನೋಡಿದರೆ ಹಾಗೆ ಅನಿಸುವುದು ಸಹಜ. ಎರಡು ಐಸೊಪ್ರೀನ್ ಅಣುಗಳನ್ನು ಕಾಯಿಸಿದರೆ ಒಂದು ಡೈಯೀನ್ ಆಗಿ, ಇನ್ನೊಂದು ತನ್ನ ಒಂದು ದ್ವಿಬಂಧದಿಂದ ಡೈಯೀನೋಫೈಲ್ ಆಗಿ ಕೂಡುತ್ತವೆ. ಬೇರೆ ಐಸೋಮರ್‌ಗಳ ಜೊತೆ ಲಿಮೊನೀನ್ ಕೂಡ ಸಿಗುತ್ತದೆ. ಆದರೆ ಹಾಗೆ ಸಿಗುವುದು ಎಡಗೈ ಮತ್ತು ಬಲಗೈ ರೂಪಗಳ ಸಮಪಾಲು ಮಿಶ್ರಣ, ಅದಕ್ಕೆ ಡೈಪೆಂಟೀನ್ ಎಂದು ಹೆಸರು. ಚಪ್ಪಟೆ ಡೈಯೀನ್‌ಗೆ ಮೇಲಿನಿಂದ ಬಂದರೂ ಒಂದೇ, ಕೆಳಗಿನಿಂದ ಬಂದರೂ ಒಂದೇ. ಗಿಡಗಳು ಲಿಮೊನೀನ್ ಮಾಡುವ ದಾರಿ ಬೇರೆ. ಅವುಗಳ ಎನ್‌ಜೈಮ್ ಜೆರಾನೈಲ್ ಡೈಫಾಸ್ಫೇಟ್ ಎಂಬ ಹತ್ತು ಕಾರ್ಬನ್‌ಗಳ ಸರಪಳಿಯಿಂದ ಡೈಫಾಸ್ಫೇಟನ್ನು ಬಿಡಿಸುತ್ತದೆ. ಆಗ ಹುಟ್ಟುವ ಧನ ಅಯಾನನ್ನು ತನ್ನ ಗುಳಿಯಲ್ಲಿ ಮಡಚಿ ಉಂಗುರ ಮುಚ್ಚುತ್ತದೆ. ಗುಳಿಗೆ ತನ್ನದೇ ಎಡಬಲ ಇರುವುದರಿಂದ ಒಂದು ಎನ್‌ಜೈಮ್ ಸಾಮಾನ್ಯವಾಗಿ ಒಂದೇ ಕೈಯ ಲಿಮೊನೀನ್ ಕೊಡುತ್ತದೆ. ಪೋಲರಿಮೀಟರ್‌ನಲ್ಲಿಟ್ಟರೆ ಒಂದೇ ಕೈಯ ಲಿಮೊನೀನ್ ಬೆಳಕನ್ನು ತಿರುಗಿಸುತ್ತದೆ, ಡೈಪೆಂಟೀನ್ ತಿರುಗಿಸುವುದಿಲ್ಲ.